ಗೂಗಲಲ್ಲಿ ಒಂದು ಸ್ಟಾರ್ ಕೊಟ್ಟು ಬೈದ ಕಸ್ಟಮರ್‌ಗೆ ಪ್ರೈವೇಟಾಗಿ ಏನಂತ ಬರೆಯೋದು

ನಮ್ದು ಮೈಸೂರಲ್ಲಿ ಕುವೆಂಪುನಗರದ ಕಡೆ ಒಂದು ಲೇಡೀಸ್ ಟೈಲರಿಂಗ್ ಅಂಗಡಿ. ನಾನು, ಕಟಿಂಗ್ ಮಾಸ್ಟ್ರು ಒಬ್ರು, ಮೂರು ಮಿಷಿನ್ನು, ಕೌಂಟರ್‌ಗೆ ಒಬ್ಳು ಹುಡುಗಿ, ಇಷ್ಟೇ. ಹೋದ್ ವರ್ಷ ಒಂದು ಸೋಮವಾರ ಬೆಳಿಗ್ಗೆ ಇನ್ನೂ ಶಟರ್ ಎತ್ತಿರ್ಲಿಲ್ಲ, ಫೋನ್ ನೋಡಿದ್ರೆ ಗೂಗಲಲ್ಲಿ ಹೊಸ ರಿವ್ಯೂ, ಒಂದು ಸ್ಟಾರ್. ಹಿಂದಿನ ರಾತ್ರಿ ಹಾಕಿದ್ದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ರು: "ದುಡ್ಡು ಕೀಳೋ ಜಾಗ. 1,800 ತಗೊಂಡು ಬ್ಲೌಸ್ ಹಾಳು ಮಾಡಿದಾರೆ. ಮಗಳು ಎಂಗೇಜ್ಮೆಂಟ್ ದಿನ ಅತ್ಲು. ಫೋನ್ ಮಾಡಿದ್ರೆ ನಮ್ದೇ ತಪ್ಪು ಅಂತಾರೆ. ದಯವಿಟ್ಟು ಯಾರೂ ಹೋಗ್ಬೇಡಿ."

ಓದಿ ನನಗೆ ಕೈಯೇ ನಡುಗೋಕೆ ಶುರುವಾಯ್ತು. ಎರಡು ದಿನದ ಹಿಂದೆ ಆ ಬ್ಲೌಸಿನ ತೋಳಿನ ಮಣಿ ಕೆಲ್ಸ ನಾನೇ ಕೂತು ಮುಗಿಸಿದ್ದೆ. ಆ ಕ್ಷಣಕ್ಕೆ ಬಾಯಿಗೆ ಬಂದಿದ್ದನ್ನೆಲ್ಲ ಟೈಪ್ ಮಾಡ್ಬಿಡ್ಬೇಕು ಅನ್ಸುತ್ತೆ, ನಿಮಗೂ ಅನ್ಸಿರುತ್ತೆ. ಆವತ್ತಿಂದ ಮುಂದಿನ ಹತ್ತು ದಿನದಲ್ಲಿ ನಾನು ಆ ಮೇಡಂಗೆ ಕಳಿಸಿದ್ದು ಒಟ್ಟು ಐದೇ ಮೆಸೇಜು, ಅದರಲ್ಲಿ ಮೊದಲನೇದನ್ನ ಬರೆಯೋಕೇ ಅರ್ಧ ದಿನ ಹಿಡೀತು. ಹೇಗೆ ಬರೆದೆ, ಏನು ಬಿಟ್ಟೆ, ಯಾಕೆ ಅಂತ ಇಲ್ಲಿ ಬರೀತಿದೀನಿ. ಬ್ಯೂಟಿ ಪಾರ್ಲರ್, ಬೇಕರಿ, ಮನೆಯಿಂದ ಅಡುಗೆ ಮಾಡಿ ಕೊಡೋರು, ಎಲ್ಲರಿಗೂ ಈ ಪರಿಸ್ಥಿತಿ ಬರುತ್ತೆ, ಆದ್ರೆ ನನಗೆ ಗೊತ್ತಿರೋದು ಹೊಲಿಗೆ, ಅದನ್ನೇ ಇಟ್ಕೊಂಡು ಹೇಳ್ತೀನಿ.

ಮೊದಲು ಅದು ಯಾರು ಅಂತ ಗ್ಯಾರಂಟಿ ಮಾಡ್ಕೊಳ್ಳಿ

ಗೂಗಲಲ್ಲಿ ರಿವ್ಯೂ ಹಾಕಿದವರಿಗೆ ಪ್ರೈವೇಟಾಗಿ ಮೆಸೇಜ್ ಕಳಿಸೋ ಬಟನ್ನೇ ಇಲ್ಲ. ಅಲ್ಲಿ ನಾವು ಕೊಡೋ ರಿಪ್ಲೈ ಎಲ್ಲರಿಗೂ ಕಾಣುತ್ತೆ. ಮುಂಚೆ ಬಿಸಿನೆಸ್ ಪ್ರೊಫೈಲಲ್ಲಿ ಒಂದು ಚಾಟ್ ಇತ್ತು, ಅದನ್ನೂ 2024ರ ಜುಲೈ ಕೊನೇಲಿ ತೆಗೆದ್ರು, ಅದು ಇದ್ದಾಗ್ಲೂ ಕಸ್ಟಮರ್ರೇ ಮೊದ್ಲು ಶುರು ಮಾಡ್ಬೇಕಿತ್ತು. ಹಾಗಾಗಿ ನಮ್ಮ ಹತ್ರ ಇರೋ ದಾರಿ ಒಂದೇ, ಬಿಲ್ ಬುಕ್ಕಲ್ಲಿ ಅವರೇ ಕೊಟ್ಟಿರೋ ಫೋನ್ ನಂಬರ್.

ತೊಂದ್ರೆ ಏನು ಅಂದ್ರೆ ರಿವ್ಯೂ ಮೇಲಿರೋ ಹೆಸರು, ಬಿಲ್ಲಲ್ಲಿರೋ ಹೆಸರು ಎರಡೂ ಒಂದೇ ಇರೋದು ಕಮ್ಮಿ. ಎಷ್ಟೋ ಅಮ್ಮಂದಿರ ಫೋನಲ್ಲಿ ಮಗನ ಜಿಮೇಲ್ ಇರುತ್ತೆ. ನನಗೆ ಬಂದ ರಿವ್ಯೂ ಕೂಡ ಒಬ್ಬ ಹುಡುಗನ ಹೆಸರಲ್ಲಿತ್ತು, ನಮ್ಮ ಅಂಗಡಿಗೆ ಹುಡುಗರು ಬರೋದೇ ಇಲ್ಲ. ಹೆಸರು ಬಿಟ್ಟು ವಿವರ ಹಿಡ್ಕೊಂಡು ಹುಡುಕ್ದೆ: 1,800 ಬಿಲ್ಲು, ಎಂಗೇಜ್ಮೆಂಟು, ಭಾನುವಾರ. ಆ ವಾರ 1,800ರ ಬಿಲ್ ಎರಡಿದ್ವು. ಒಂದು ಗೃಹಪ್ರವೇಶಕ್ಕೆ ಅಂತ ಕೊಟ್ಟಿದ್ದು, ಇನ್ನೊಂದರ ಮೇಲೆ ನಮ್ಮ ಹುಡುಗಿ "ಸಂಡೇ ಫಂಕ್ಷನ್ ಅರ್ಜೆಂಟ್" ಅಂತ ಬರೆದಿದ್ಲು. ಅಲ್ಲಿಗೆ ಗೊತ್ತಾಯ್ತು.

ಎರಡ್ರಲ್ಲಿ ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಊಹೆ ಮೇಲೆ ಯಾರಿಗೂ ಬರೀಬೇಡಿ. ಏನೂ ಗೊತ್ತಿಲ್ದೆ ಇರೋರಿಗೆ "ನೀವು ಹಾಕಿದ ರಿವ್ಯೂ ನೋಡ್ದೆ" ಅಂತ ಹೋದ್ರೆ ಅವರೂ ಹೋಗಿ ಆ ರಿವ್ಯೂ ಓದ್ತಾರೆ, ಜೊತೆಗೆ ಒಬ್ಬ ಕಸ್ಟಮರ್ ಕಥೆ ಇನ್ನೊಬ್ರಿಗೆ ಹೇಳಿದ ಹಾಗೂ ಆಗುತ್ತೆ. ಆಗ ಗೂಗಲಲ್ಲೇ ಎರಡು ಸಾಲು ಹಾಕಿ, ಓದಿದೀನಿ, ತುಂಬಾ ಬೇಜಾರಾಯ್ತು, ಬಿಲ್ ತಗೊಂಡು ನನಗೇ ಒಂದ್ಸಲ ಫೋನ್ ಮಾಡಿ ಅಂತ. ನಾವು ರಿಪ್ಲೈ ಹಾಕಿದ್ರೆ ರಿವ್ಯೂ ಬರೆದವರಿಗೆ ಗೂಗಲ್ಲಿಂದ ನೋಟಿಫಿಕೇಶನ್ ಹೋಗುತ್ತೆ. ಅಲ್ಲಿ ಅವರ ಫೋನ್ ನಂಬರ್, ಬಿಲ್ ನಂಬರ್, ಅಳತೆ, ಯಾವ ಫಂಕ್ಷನ್ನು, ಒಂದೂ ಬರಬಾರದು. ಹೆಣ್ಮಕ್ಕಳ ಅಳತೆ ಪಬ್ಲಿಕ್ಕಾಗಿ ಹಾಕಿ "ನೀವು ಕೊಟ್ಟಿದ್ದೇ ಇಷ್ಟು" ಅಂತ ವಾದ ಮಾಡಿರೋ ಅಂಗಡಿಯವರನ್ನ ನಾನು ನೋಡಿದೀನಿ, ಅದು ಓದಿದ್ಮೇಲೆ ಯಾವ ಹೆಂಗಸ್ರು ಆ ಅಂಗಡಿ ಮೆಟ್ಟಿಲು ಹತ್ತಾರು?

ಬರೆಯೋ ಮುಂಚೆ ಬಿಲ್ ಬುಕ್ ಮುಂದೆ ಕೂತ್ಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ, ಇದಕ್ಕೇ ನನಗೆ ಅರ್ಧ ದಿನ ಹೋಗಿದ್ದು.

ರಿವ್ಯೂನ ಒಂದು ಹಾಳೆ ಮೇಲೆ ಬರ್ಕೊಂಡು ಬೈಗುಳ ಬೇರೆ, ಕಂಪ್ಲೇಂಟ್ ಬೇರೆ ಮಾಡ್ದೆ. "ದುಡ್ಡು ಕೀಳೋ ಜಾಗ", "ಯಾರೂ ಹೋಗ್ಬೇಡಿ" ಇವು ಕೋಪ, ಇದಕ್ಕೆ ಉತ್ತರ ಕೊಡೋ ಅಗತ್ಯ ಇಲ್ಲ. ಉಳಿದಿದ್ದು ಎರಡು: ಬ್ಲೌಸ್ ಹಾಳಾಗಿದೆ, ಮತ್ತೆ ಫೋನಲ್ಲಿ ನಮ್ದೇ ತಪ್ಪು ಅಂದ್ರು. ಎರಡಕ್ಕೂ ನಿಜ ಏನು ಅಂತ ಹುಡುಕ್ಬೇಕು.

ನಮ್ಮ ಬಿಲ್ ಬುಕ್ ಹೇಗೆ ಅಂದ್ರೆ ಮೇಲಿನ ಹಾಳೆ ಕಸ್ಟಮರ್‌ಗೆ, ಕೆಳಗಿನ ಕಾರ್ಬನ್ ಕಾಪಿ ನಮಗೆ, ಆ ಕಾಪಿಗೆ ಬ್ಲೌಸ್ ಪೀಸಿನ ಒಂದು ಚೂರು ಪಿನ್ ಮಾಡಿರ್ತೀವಿ. ಅವರದ್ದು ಮೈಸೂರ್ ಸಿಲ್ಕ್, ರಾಮ ಗ್ರೀನ್, ಆ ಚೂರು ಹಾಗೇ ಇತ್ತು. ಮಾಸ್ಟ್ರು ಕಟ್ ಮಾಡೋದು ಕಾರ್ಬನ್ ಕಾಪಿ ನೋಡ್ಕೊಂಡು. ತೋಳಿನ ಸುತ್ತು ಅನ್ನೋ ಕಡೆ ಕಾರ್ಬನ್ ಸರಿಯಾಗಿ ಮೂಡಿರ್ಲಿಲ್ಲ, 12½ರಲ್ಲಿರೋ ಎರಡು ಒಂದರ ಥರ ಕಾಣ್ತಿತ್ತು. ಮಾಸ್ಟ್ರನ್ನ ಕೇಳ್ದೆ. ಬೈಯೋ ದನಿಯಲ್ಲಿ ಕೇಳಿದ್ರೆ ನಿಜ ಹೊರಗೆ ಬರಲ್ಲ, ಅದಕ್ಕೆ ಕಾಪಿ ಕೈಗೆ ಕೊಟ್ಟು "ಇದೆಷ್ಟು ಓದಿ ಅಣ್ಣ" ಅಂದೆ ಅಷ್ಟೇ. "ಹನ್ನೊಂದೂವರೆ" ಅಂದ್ರು. ಒಂದು ಇಂಚು ಟೈಟು. ರೇಷ್ಮೆ ಬ್ಲೌಸ್‌ಗೆ ಒಳಗೆ ಲೈನಿಂಗ್ ಬೇರೆ, ಒಂದು ಇಂಚು ಕಮ್ಮಿಯಾದ್ರೆ ಕೈ ಎತ್ತೋಕೂ ಆಗಲ್ಲ, ತೋಳಲ್ಲಿ ಗೆರೆ ಬೀಳುತ್ತೆ.

ಆಮೇಲೆ ಕೌಂಟರ್ ಹುಡುಗೀನ ಕೇಳ್ದೆ. ಗುರುವಾರ ಕೊಡ್ತೀವಿ ಅಂದಿದ್ದನ್ನ ಶನಿವಾರ ರಾತ್ರಿ ಎಂಟಕ್ಕೆ ಕೊಟ್ಟಿದಾರೆ, ಆ ತಡ ಮಾತ್ರ ನಂದೇ, ಮಣಿ ಕೆಲ್ಸ ಮುಗಿದಿರ್ಲಿಲ್ಲ. ಮನೆಗೆ ಹೋಗಿ ಹಾಕಿ ನೋಡಿ ಒಂಬತ್ತಕ್ಕೆ ಫೋನ್ ಮಾಡಿದಾರೆ, ನಾನು ಆಗ್ಲೇ ಹೊರಟಿದ್ದೆ, ಈ ಹುಡುಗಿ "ಮೇಡಂ ನೀವು ಕೊಟ್ಟ ಅಳತೆ ಬ್ಲೌಸೇ ಟೈಟ್ ಇತ್ತೇನೋ" ಅಂದ್ಬಿಟ್ಟಿದಾಳೆ. ಪಾಪ ಅವಳು ಸುಳ್ಳು ಹೇಳಿಲ್ಲ, ಅವಳಿಗೆ ಗೊತ್ತಿರ್ಲಿಲ್ಲ. ಆದ್ರೆ ಆ ಕಡೆ ಬೆಳಗಾದ್ರೆ ನಿಶ್ಚಿತಾರ್ಥ ಇಟ್ಕೊಂಡಿರೋ ತಾಯಿಗೆ ಅದು ಹೇಗೆ ಕೇಳಿಸಿರ್ಬೇಕು ಯೋಚ್ನೆ ಮಾಡಿ. ರಿವ್ಯೂ ಬರೆಸಿದ್ದು ಆ ಒಂದಿಂಚಿಗಿಂತ ಹೆಚ್ಚಾಗಿ ಆ ಒಂದು ಮಾತು.

ಇದೆಲ್ಲ ಗೊತ್ತಾಗೋಕೆ ಮುಂಚೆ ಬರೆದಿದ್ರೆ ನಾನೂ "ಅಳತೆ ಬ್ಲೌಸ್ ಪ್ರಕಾರವೇ ಹೊಲಿದಿದೀವಿ" ಅಂತಾನೇ ಬರೀತಿದ್ದೆ.

ಫೋನಾ, ಮೆಸೇಜಾ

ಮೊದಲು ಮೆಸೇಜು. ಫೋನ್ ಮಾಡಿದ್ರೆ ಅವರು ಬಸ್ಸಲ್ಲಿರ್ಬಹುದು, ನೆಂಟರು ಕೂತಿರ್ಬಹುದು, ಕೋಪ ಇನ್ನೂ ಆರಿರಲ್ಲ, ಎರಡು ಮಾತಿಗೆ ದನಿ ಏರುತ್ತೆ. ಮೆಸೇಜಾದ್ರೆ ಅವರಿಗೆ ಬೇಕಾದಾಗ ಓದ್ತಾರೆ, ಬೇಕಾದ್ರೆ ಉತ್ತರ ಕೊಡ್ತಾರೆ. ವಾಯ್ಸ್ ನೋಟ್ ಬೇಡ, ಅದನ್ನ ಕೇಳೋಕೆ ಅವರು ಒಂದು ಜಾಗ ಹುಡುಕ್ಬೇಕು. ಓದೋಕೆ ಕಷ್ಟ ಆಗೋ ವಯಸ್ಸಾದವರು ಅಂತ ನಿಮಗೆ ಗೊತ್ತಿದ್ರೆ ಮಾತ್ರ ಫೋನ್ ಮಾಡಿ, ಅದೂ "ಈಗ ಮಾತಾಡ್ಬಹುದಾ ಅಮ್ಮ" ಅಂತ ಕೇಳಿ.

ಅಂಗಡಿ ನಂಬರಿಂದಾನೇ ಕಳಿಸಿ, ಗೊತ್ತಿಲ್ದಿರೋ ನಂಬರ್ ಬಂದ್ರೆ ಯಾರೋ ಜಗಳಕ್ಕೆ ಬಂದ್ರು ಅನ್ಕೊಳ್ತಾರೆ. ಬೆಳಿಗ್ಗೆ ಹನ್ನೊಂದರ ಮೇಲೆ ಅಥವಾ ಸಂಜೆ ಕಾಫಿ ಹೊತ್ತಿಗೆ, ರಾತ್ರಿ ಒಂಬತ್ತಾದ್ಮೇಲೆ ಬೇಡವೇ ಬೇಡ. ಅವರು ಯಾವ ಥರ ಬರೆದಿದಾರೋ ಅದೇ ಥರ ಬರೀರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೋರಿಗೆ ನಾವು ಯಾರ್ಯಾರ ಹತ್ರಾನೋ ಬರೆಸಿದ ಇಂಗ್ಲಿಷ್ ಲೆಟರ್ ಕಳಿಸಿದ್ರೆ ವಕೀಲರ ನೋಟೀಸ್ ಬಂದ ಹಾಗಿರುತ್ತೆ. ಮತ್ತೆ ನಿಮ್ಮ ಮೆಸೇಜಿನ ಸ್ಕ್ರೀನ್‌ಶಾಟ್ ನಾಳೆ ಅದೇ ರಿವ್ಯೂ ಜೊತೆ ಫೋಟೋ ಆಗಿ ಬರ್ಬಹುದು, ಗ್ರಾಹಕರ ಆಯೋಗದವರೆಗೆ ಹೋದ್ರೆ ಅಲ್ಲೂ ಇಡ್ಬಹುದು. ಅದಕ್ಕೆ ಹೆದರಿ ತಪ್ಪು ಮುಚ್ಚಿಡ್ಬೇಡಿ, ನಿಜ ಇರೋದನ್ನ ಮಾತ್ರ ಬರೀರಿ, ಅಷ್ಟು ಸಾಕು.

ಮೊದಲ ಮೆಸೇಜು

ನಾನು ಮೊದ್ಲು ಬರೆದು ಅಳಿಸಿದ್ದು ಇದು, ಅಳಿಸಿದ್ದು ಒಳ್ಳೇದಾಯ್ತು:

"ಮೇಡಂ ನಮಸ್ತೆ. ನಿಮ್ಮ ರಿವ್ಯೂ ನೋಡಿ ತುಂಬಾ ನೋವಾಯ್ತು. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹೇಳಿಲ್ಲ. ಸೀಸನ್ ಟೈಮಲ್ಲಿ ಸಣ್ಣಪುಟ್ಟ ತಪ್ಪಾಗುತ್ತೆ. ನಿಮಗೆ ತೊಂದ್ರೆ ಆಗಿದ್ರೆ ಸಾರಿ. ದಯವಿಟ್ಟು ರಿವ್ಯೂ ತೆಗೀರಿ, ನೆಕ್ಸ್ಟ್ ಬ್ಲೌಸ್ ಫ್ರೀಯಾಗಿ ಹೊಲಿದು ಕೊಡ್ತೀನಿ."

ಇದನ್ನ ಆ ತಾಯಿ ಜಾಗದಲ್ಲಿ ಕೂತು ಓದಿ. ಮೊದ್ಲು ನನ್ನ ನೋವು, ಆಮೇಲೆ ನನ್ನ ಹೆಸರು. ಅವರ ಮಗಳ ನಿಶ್ಚಿತಾರ್ಥ "ಸಣ್ಣಪುಟ್ಟ" ಆಗ್ಬಿಡ್ತು. "ತೊಂದ್ರೆ ಆಗಿದ್ರೆ" ಅಂದ್ರೆ ಆಗಿದೆಯೋ ಇಲ್ವೋ ನನಗೆ ಅನುಮಾನ ಇದೆ ಅಂತ ಅರ್ಥ. ಕೊನೇಲಿ ಬಂದಿರೋ ವಿಷಯ ರಿವ್ಯೂ, ಬ್ಲೌಸಿನ ಸುದ್ದಿಯೇ ಇಲ್ಲ. ಮತ್ತೆ ಫ್ರೀ ಕೊಡ್ತೀನಿ, ರಿವ್ಯೂ ತೆಗೀರಿ ಅನ್ನೋದು ಗೂಗಲ್ ನಿಯಮಕ್ಕೇ ವಿರುದ್ಧ, ದುಡ್ಡು ಡಿಸ್ಕೌಂಟು ಫ್ರೀ ಸಾಮಾನು ಏನೇ ಆಸೆ ತೋರಿಸಿ ಕೆಟ್ಟ ರಿವ್ಯೂ ತೆಗೆಸೋದು, ಬದಲಾಯಿಸೋದು ಮಾಡೋ ಹಾಗಿಲ್ಲ. ನಿಯಮ ಇಲ್ದಿದ್ರೂ ನಾನು ಬೇಡ ಅಂತೀನಿ, ಯಾಕಂದ್ರೆ ಅದನ್ನ ಓದಿದ ಕೂಡ್ಲೇ ಅವರಿಗೆ ಅನ್ಸೋದು ಒಂದೇ, ಓಹೋ ಇವಳಿಗೆ ಬೇಕಿರೋದು ಸ್ಟಾರು.

ಕಳಿಸಿದ್ದು ಇದು:

"ನಮಸ್ಕಾರ ಮೇಡಂ. ನಾನು ಕುವೆಂಪುನಗರದ ಟೈಲರಿಂಗ್ ಅಂಗಡಿ ಓನರ್ರು. ಗೂಗಲಲ್ಲಿ ನಮ್ಮ ಬಗ್ಗೆ ಬರೆದಿರೋದು ನಿಮ್ಮ ಮಗಳ ರಾಮ ಗ್ರೀನ್ ಬ್ಲೌಸ್ ವಿಷಯ ಅನ್ಕೊಂಡಿದೀನಿ, ಅಲ್ಲ ಅಂದ್ರೆ ಕ್ಷಮಿಸಿ. ಬಿಲ್ ಬುಕ್ ತೆಗೆದು ನೋಡ್ದೆ. ತೋಳಿನ ಸುತ್ತು 12½ ಅಂತ ನೀವು ಕೊಟ್ಟಿದೀರಿ, ನಮ್ಮಲ್ಲಿ 11½ ಅಂತ ಓದ್ಕೊಂಡು ಕಟ್ ಮಾಡಿದೀವಿ. ಅಳತೆ ಬ್ಲೌಸ್ ಸರಿಯಾಗೇ ಇತ್ತು. ತಪ್ಪು ನಮ್ದು. ಗುರುವಾರ ಕೊಡ್ಬೇಕಿದ್ದು ಶನಿವಾರ ರಾತ್ರಿ ಕೊಟ್ಟು ನಿಮಗೆ ಸರಿ ಮಾಡಿಸ್ಕೊಳ್ಳೋಕೂ ಟೈಮ್ ಇಲ್ದಂಗೆ ಮಾಡಿದೆ. ಫೋನಲ್ಲಿ ನಿಮ್ಮ ಅಳತೆ ಮೇಲೆ ಹಾಕಿದ್ದೂ ತಪ್ಪು. ಕ್ಷಮೆ ಕೇಳ್ತೀನಿ.
ಒಳಗೆ ಒಂದೊಂದು ಕಡೆ ಒಂದಿಂಚು ಬಟ್ಟೆ ಬಿಟ್ಟಿದೀವಿ, ಬಿಚ್ಚಿ ಸರಿ ಮಾಡ್ಬಹುದು. ಹಳೇ ಹೊಲಿಗೆ ಗೆರೆ ತೋಳಿನ ಒಳಗಡೆ ಸ್ವಲ್ಪ ಕಾಣುತ್ತೆ, ಅದು ಪೂರ್ತಿ ಹೋಗಲ್ಲ. ನೀವು ಹೇಳಿದ್ರೆ ಮನೆಗೇ ಬಂದು ತಗೊಂಡು ಎರಡು ದಿನದಲ್ಲಿ ತಂದು ಕೊಡ್ತೀನಿ. ಅದು ಬೇಡ ಅಂದ್ರೆ ಹೊಲಿಗೆ 1,800 ವಾಪಸ್ ಕೊಡ್ತೀನಿ. ಯಾವುದು ಬೇಕು ಅಂತ ನಿಮಗೆ ಪುರುಸೊತ್ತಾದಾಗ ತಿಳಿಸಿ."

ಸ್ವಲ್ಪ ಉದ್ದ ಆಯ್ತು ಗೊತ್ತು. ಆದ್ರೆ ಇದರಲ್ಲಿ ತೆಗೀಬಹುದಾದ ಸಾಲು ನನಗೆ ಸಿಗ್ಲಿಲ್ಲ. ಅಳತೆ ಅಂಕಿ ಹಾಕಿದ್ದಕ್ಕೆ ಕಾರಣ ಇದೆ, ಮೇಲಿನ ಹಾಳೆ ಅವರ ಹತ್ರಾನೇ ಇದೆ, ತೆಗೆದು ನೋಡಿದ್ರೆ 12½ ಅಂತ ನೀಟಾಗಿ ಕಾಣುತ್ತೆ, ಅಂದ್ರೆ ಇವಳು ನಿಜವಾಗ್ಲೂ ನೋಡಿ ಬರೆದಿದಾಳೆ ಅಂತ ಗೊತ್ತಾಗುತ್ತೆ. "ಅಳತೆ ಬ್ಲೌಸ್ ಸರಿಯಾಗೇ ಇತ್ತು" ಅನ್ನೋ ನಾಲ್ಕು ಪದ ಸಾರಿಗಿಂತ ದೊಡ್ಡದು, ಶನಿವಾರ ರಾತ್ರಿ ಅವರಿಗೆ ಚುಚ್ಚಿದ ಮಾತನ್ನ ಅದು ವಾಪಸ್ ತಗೊಳ್ಳುತ್ತೆ. ಹುಡುಗಿ ಹೆಸರಾಗ್ಲಿ ಮಾಸ್ಟ್ರು ಹೆಸರಾಗ್ಲಿ ಎಲ್ಲೂ ಹಾಕಿಲ್ಲ, ತಪ್ಪು ಅಂಗಡಿದು. ಗೆರೆ ಉಳಿಯುತ್ತೆ ಅಂತ ಮೊದ್ಲೇ ಹೇಳಿದ್ದು ಯಾಕಂದ್ರೆ ರೇಷ್ಮೆಯಲ್ಲಿ ಸೂಜಿ ತೂತು ಬಿದ್ರೆ ಇಸ್ತ್ರಿ ಹಾಕಿದ್ರೂ ಹೋಗಲ್ಲ, ಆಮೇಲೆ ನೋಡಿದ್ರೆ ಎರಡನೇ ಸಲ ಮೋಸ ಹೋದ್ವಿ ಅನ್ಕೊಳ್ತಾರೆ. ಸೀಸನ್ನು, ಕರೆಂಟು, ಕೆಲ್ಸದವರು ರಜ, ಯಾವ ಕಾರಣವೂ ಇಲ್ಲ. ಮತ್ತೆ ರಿವ್ಯೂ ಬದಲಾಯಿಸಿ ಅನ್ನೋ ಮಾತು ಇಲ್ಲ, ಸುಳಿವೂ ಇಲ್ಲ.

ಕಳಿಸೋ ಮುಂಚೆ ಮಾಸ್ಟ್ರನ್ನ ಒಂದು ಕೇಳಿದ್ದೆ, ಲೈನಿಂಗಲ್ಲೂ ಒಂದಿಂಚು ಬಿಟ್ಟಿದೀರಾ ಅಂತ. ಮೇಲಿನ ಬಟ್ಟೆಯಲ್ಲಿ ಬಿಟ್ಟು ಲೈನಿಂಗಲ್ಲಿ ಬಿಟ್ಟಿಲ್ಲ ಅಂದ್ರೆ ನನ್ನ ಮಾತು ಸುಳ್ಳಾಗ್ತಿತ್ತು. ಎರಡೂ ಕಡೆ ಅರ್ಧರ್ಧ ಇಂಚು ಬಿಚ್ಚಿದ್ರೆ ಸುತ್ತು ಒಂದು ಇಂಚು ಸಿಗುತ್ತೆ, ಹೊಲಿಗೆ ಹಿಡಿಯೋಕೆ ಇನ್ನೂ ಅರ್ಧ ಇಂಚು ಉಳಿಯುತ್ತೆ. ಮಾಡೋಕಾಗುತ್ತೆ ಅಂತ ಗೊತ್ತಿಲ್ದೆ ಇರೋದನ್ನ ಆಫರ್ ಮಾಡ್ಬೇಡಿ.

ಉತ್ತರ ಖಾರವಾಗಿ ಬಂದ್ರೆ

ಬ್ಲೂ ಟಿಕ್ ಸಂಜೆಗೇ ಬಂತು, ಉತ್ತರ ಮಾರನೇ ದಿನ ರಾತ್ರಿ: "ರಿವ್ಯೂ ಹಾಕಿದ್ಮೇಲೆ ಬಿಲ್ ಬುಕ್ ಕಾಣಿಸ್ತಾ ನಿಮಗೆ? ಫಂಕ್ಷನ್ ಮುಗೀತು. ಈಗ ಸರಿ ಮಾಡಿ ಏನ್ ಪ್ರಯೋಜನ?"

ಇಲ್ಲೇ ಎಲ್ಲಾ ಕೆಡೋದು. ನಾವು ಅಷ್ಟು ತಗ್ಗಿ ಬರೆದಿದೀವಿ, ಆದ್ರೂ ಹೀಗಂತಾರಲ್ಲ ಅಂತ ಉರಿಯುತ್ತೆ. ಆದ್ರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ ಕಣ್ರೀ. ಶನಿವಾರ ಫೋನ್ ಮಾಡಿದಾಗ ಯಾರೂ ಬಿಲ್ ಬುಕ್ ತೆಗೀಲಿಲ್ಲ, ಸೋಮವಾರ ತೆಗೆದ್ವಿ. ನಾನು ಬರೆದಿದ್ದು:

"ಹೌದು ಮೇಡಂ, ನೀವು ಬರೆದಮೇಲೇ ನೋಡಿದ್ದು. ಶನಿವಾರವೇ ನಾನು ಫೋನ್ ತಗೊಂಡಿದ್ರೆ ರಾತ್ರಿಯೇ ಬಿಚ್ಚಿ ಕೊಡ್ಬಹುದಿತ್ತು. ಆ ದಿನ ವಾಪಸ್ ಬರಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾನು ಹೇಳಿದ ಎರಡೂ ಹಾಗೇ ಇರುತ್ತೆ, ಈಗ್ಲೇ ಹೇಳ್ಬೇಕು ಅಂತೇನಿಲ್ಲ."

ಇಷ್ಟೇ. ಹೊಸ ಆಫರ್ ಸೇರಿಸ್ಲಿಲ್ಲ. ಬೈದಷ್ಟೂ ಆಫರ್ ಏರಿಸ್ತಾ ಹೋದ್ರೆ ಮೊದಲನೇದು ಮನಸ್ಸಿಂದ ಹೇಳಿದ್ದಲ್ಲ ಅಂತಾಗುತ್ತೆ. ಎರಡು ದಿನ ಏನೂ ಬರ್ಲಿಲ್ಲ. ಆನ್‌ಲೈನ್ ಇದಾರಾ ಅಂತ ಹತ್ತು ಸಲ ನೋಡೋಕೆ ಮನಸ್ಸಾಗುತ್ತೆ, ನೋಡ್ಬೇಡಿ. ಮೊದಲ ಮೆಸೇಜಿಗೇ ಉತ್ತರ ಬಂದಿಲ್ಲ ಅಂದ್ರೆ ನಾಲ್ಕೈದು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ, ಅಲ್ಲಿಗೆ ನಿಲ್ಲಿಸಿ. ಅವರ ಯಜಮಾನ್ರಿಗೆ ಬರೆಯೋದು, ಪರಿಚಯದವರ ಕೈಲಿ ಹೇಳಿಸೋದು, ಬಿಲ್ಲಲ್ಲಿ ಅಡ್ರೆಸ್ ಇದೆ ಅಂತ ಮನೆ ಮುಂದೆ ಹೋಗಿ ನಿಲ್ಲೋದು, ಇವು ಬೇಡ. ನಂಬರ್ ಕೊಟ್ಟಿದ್ದು ಬ್ಲೌಸ್ ರೆಡಿ ಆಯ್ತು ಅಂತ ತಿಳಿಸೋಕೆ, ಬೆನ್ನು ಹತ್ತೋಕಲ್ಲ.

ಶುಕ್ರವಾರ ಅವರೇ ಬರೆದ್ರು. "ಸರಿ ಮಾಡಿ ಕೊಡಿ, ಮದುವೇಲಿ ಒಂದು ಶಾಸ್ತ್ರಕ್ಕೆ ಹಾಕ್ಕೊಳ್ತಾಳಂತೆ."

ಕೆಲ್ಸ ಮುಗಿಸೋದು

ಬಿಚ್ಚೋ ಮುಂಚೆ ಇನ್ನೊಂದ್ಸಲ ಖಾತ್ರಿ ಮಾಡ್ಕೊಬೇಕು, ಇನ್ನೆಲ್ಲಾದ್ರೂ ಟೈಟ್ ಇದ್ರೆ ಒಟ್ಟಿಗೇ ಆಗ್ಲಿ. ಹಾಕ್ಕೊಂಡಿರೋ ಫೋಟೋ ಕಳಿಸಿ ಅಂತ ಯಾವ ಹೆಣ್ಮಕ್ಕಳನ್ನೂ ಕೇಳ್ಬೇಡಿ. ನಾನು ಕೇಳಿದ್ದು, ಬ್ಲೌಸನ್ನ ಟೇಬಲ್ ಮೇಲೆ ಚಪ್ಪಟೆಯಾಗಿ ಹರಡಿ ತೋಳಿನ ಅಂಚಿಗೆ ಅಡ್ಡ ಟೇಪ್ ಇಟ್ಟು ಒಂದು ಫೋಟೋ, ಅದೇ ಥರ ಚೆನ್ನಾಗಿ ಕೂರೋ ಅಳತೆ ಬ್ಲೌಸಿನದ್ದೊಂದು ಫೋಟೋ. ನಮ್ಮದರಲ್ಲಿ ಐದೂಮುಕ್ಕಾಲು ಇಂಚು ಬಂತು, ಎರಡರಷ್ಟು ಮಾಡಿದ್ರೆ ಹನ್ನೊಂದೂವರೆ. ಅವರದ್ದರಲ್ಲಿ ಆರೂಕಾಲು, ಅಂದ್ರೆ ಹನ್ನೆರಡೂವರೆ. ಅವರೇ ಟೇಪ್ ಹಿಡಿದು ನೋಡಿದಾರೆ, ಇನ್ನು ಯಾರ ಅಳತೆ ಸರಿ ಅನ್ನೋ ಮಾತೇ ಇಲ್ಲ.

ಶನಿವಾರ ನಾನೇ ಹೋಗಿ ತಗೊಂಡು ಬಂದೆ, ಹುಡುಗೀನ ಕಳಿಸ್ಲಿಲ್ಲ. ಬಾಗಿಲಲ್ಲೇ ಕೊಟ್ರು, ಮಾತು ಏನೂ ಆಡ್ಲಿಲ್ಲ. ಸೋಮವಾರ ವಾಪಸ್ ಕೊಡೋವಾಗ "ಹಾಕಿ ನೋಡ್ಲಿ ಮೇಡಂ, ನಾನು ಕಾಯ್ತೀನಿ" ಅಂದೆ. ಆ ಮೊದಲ ಶನಿವಾರ ರಾತ್ರಿ ನಾವು ಕೊಡದೆ ಇದ್ದ ಟ್ರಯಲ್ಲು ಅದೇ. ಅವರ ಮಗಳು ಹಾಕ್ಕೊಂಡು ಬಂದು ಕೈ ಮೇಲೆತ್ತಿ ತೋರಿಸಿದ್ಲು. ಆಮೇಲೆ ನೀರು ಕೊಟ್ರು.

ತಡ ಮಾಡಿದ್ದಕ್ಕೆ ಅಂತ 500 ರೂಪಾಯಿ ಆವತ್ತೇ ಯುಪಿಐ ಮಾಡ್ದೆ, ಅದಕ್ಕೆ ಮುಂಚೆ ಮೆಸೇಜ್ ಹಾಕಿ ಇದೇ ನಂಬರ್‌ಗೆ ಕಳಿಸ್ಲಾ ಅಂತ ಕೇಳಿದ್ದೆ. ಎಷ್ಟು ಕೊಡ್ಬೇಕು ಅನ್ನೋದಕ್ಕೆ ನನ್ನ ಲೆಕ್ಕ: ಸರಿ ಮಾಡೋಕಾಗುತ್ತೆ ಅಂದ್ರೆ ಸರಿ ಮಾಡಿ ಸ್ವಲ್ಪ ವಾಪಸ್, ಆಗಲ್ಲ ಅಂದ್ರೆ ಹೊಲಿಗೆ ಪೂರ್ತಿ ವಾಪಸ್, ಬಟ್ಟೆಯೇ ಹಾಳಾಗಿದ್ರೆ ಬ್ಲೌಸ್ ಪೀಸಿನ ಬೆಲೆಯೂ ಸೇರಿಸಿ. ಸೀರೆ ಜೊತೆ ಬಂದ ಪೀಸಾದ್ರೆ ಅದೇ ಬಣ್ಣ ಇನ್ನೊಂದು ಸಿಗೋದು ಕಷ್ಟ, ಹುಡುಕೋ ಓಡಾಟ ನಮ್ದೇ. ಯುಪಿಐ ನೋಟಲ್ಲಿ ಬಿಲ್ ನಂಬರ್ ಹಾಕಿ, ಬೇರೇನೂ ಬೇಡ.

ಕೊನೇ ಮೆಸೇಜು ಒಂದೇ ಸಾಲು, ಇನ್ಮೇಲೆ ಅಳತೆ ಅಂಕಿಯಲ್ಲೂ ಅಕ್ಷರದಲ್ಲೂ ಬರೀತಿದೀವಿ, ಮಾಸ್ಟ್ರು ಕಟ್ ಮಾಡೋ ಮುಂಚೆ ನಾನು ಕಾಪಿ ನೋಡ್ತೀನಿ ಅಂತ. ನಿಜವಾಗ್ಲೂ ಹಾಗೇ ಮಾಡ್ತಿದೀವಿ, ಆ ಕಾರ್ಬನ್ ಹಾಳೆ ಕೂಡ ತಿಂಗಳಿಗೊಂದ್ಸಲ ಬದಲಾಯಿಸ್ತೀವಿ.

ಆಮೇಲೆ ಗೂಗಲಲ್ಲಿ ರಿಪ್ಲೈ ಹಾಕ್ದೆ, "ನೀವು ಹೇಳಿದ್ದು ಸರಿ, ನಮ್ಮ ಕಡೆಯಿಂದ ತಪ್ಪಾಗಿತ್ತು, ತಡವೂ ಆಗಿತ್ತು. ಕ್ಷಮಿಸಿ." ಸರಿ ಮಾಡಿ ಕೊಟ್ವಿ ಅಂತ ಬರೀಲಿಲ್ಲ, ಅದನ್ನ ಹೇಳೋದು ಬಿಡೋದು ಅವರಿಗೆ ಬಿಟ್ಟಿದ್ದು. ರಿವ್ಯೂನ ಅವರು ಯಾವಾಗ ಬೇಕಾದ್ರೂ ಎಡಿಟ್ ಮಾಡ್ಬಹುದು, ನಾವು ಮುಟ್ಟೋಕಾಗಲ್ಲ.

ತಪ್ಪು ನಮ್ದಲ್ಲ ಅನ್ಸಿದಾಗ

ಎಲ್ಲಾ ಸಲ ಬಿಲ್ ಬುಕ್ಕಲ್ಲಿ ತಪ್ಪು ಸಿಗಲ್ಲ. ಇನ್ನೊಬ್ರು "ಚೀಪ್ ಲೈನಿಂಗ್ ಹಾಕಿದಾರೆ, ಒಗೆದ್ರೆ ಬಣ್ಣ ಬಿಟ್ಟು ಬ್ಲೌಸೆಲ್ಲ ಕಲೆ" ಅಂತ ಬರೆದಿದ್ರು. ನನಗೆ ಅನುಮಾನ ಇದ್ದಿದ್ದು ಮೇಲಿನ ಬಟ್ಟೆ ಮೇಲೆ. ಆದ್ರೆ "ನೀವೇ ಒಗೆಯೋದ್ರಲ್ಲಿ ತಪ್ಪು ಮಾಡಿರ್ತೀರಿ" ಅಂತ ನೋಡದೇ ಬರೆಯೋದು, "ಅಳತೆ ಬ್ಲೌಸೇ ಟೈಟ್ ಇತ್ತು" ಅಂದ ಹಾಗೇ ಅಲ್ವಾ. ಹಾಗಂತ ಮಾಡದೇ ಇರೋ ತಪ್ಪನ್ನ ಒಪ್ಕೊಳ್ಳೋದೂ ಬೇಡ. ನಾನು ಬರೆದಿದ್ದು: "ಮೇಡಂ, ಬ್ಲೌಸ್ ಒಂದ್ಸಲ ತಂದು ತೋರಿಸ್ತೀರಾ? ಬಣ್ಣ ಲೈನಿಂಗ್‌ದಾ ಮೇಲಿನ ಬಟ್ಟೆದಾ ಅಂತ ನಿಮ್ಮ ಮುಂದೆಯೇ ನೋಡೋಣ. ಲೈನಿಂಗ್‌ದೇ ಆದ್ರೆ ಬಿಚ್ಚಿ ಬೇರೆ ಹಾಕಿ ಕೊಡೋದು ನಮ್ಮ ಜವಾಬ್ದಾರಿ."

ಬಂದ್ರು. ಬಿಳಿ ಕಾಟನ್ ಬಟ್ಟೆ ಎರಡು ಚೂರು ಒದ್ದೆ ಮಾಡಿ, ಒಂದನ್ನ ಲೈನಿಂಗ್ ಮೇಲೆ ಒಳಗಡೆ ಹೊಲಿಗೆ ಹತ್ರ, ಇನ್ನೊಂದನ್ನ ಬಿಲ್ಲಿಗೆ ಪಿನ್ ಮಾಡಿದ್ದ ಆ ಹೊಸ ಚೂರಿನ ಮೇಲೆ ಒತ್ತಿ ಉಜ್ಜಿದ್ವಿ. ಎರಡನೇದಕ್ಕೆ ಮೆರೂನ್ ಹತ್ತಿತು. ಅವರೇ ನೋಡಿದ್ರು, ನಾನು ಏನೂ ಹೇಳೋ ಹಾಗಿರ್ಲಿಲ್ಲ. ಮುಂದಿನ ಸಲ ಹೊಲಿಯೋ ಮುಂಚೆನೇ ಬಣ್ಣ ಚೆಕ್ ಮಾಡಿ ಹೇಳ್ತೀವಿ ಅಂದೆ. ಅವರು ಮನೆಗೆ ಹೋಗಿ ರಿವ್ಯೂ ತೆಗೆದ್ರು.

ಇನ್ನು ಕೆಲವ್ರು, ತುಂಬಾ ಕಮ್ಮಿ ಜನ, "ಐದು ಸಾವಿರ ಹಾಕಿ, ತೆಗೀತೀನಿ" ಅಂತ ನೇರವಾಗೇ ಬರೀತಾರೆ. ಅಲ್ಲಿ ಚೌಕಾಸಿ ಬೇಡ. "ಹೊಲಿಗೆ ತಪ್ಪಿಗೆ ಏನು ಮಾಡ್ತೀನಿ ಅಂತ ಹೇಳಿದೀನಿ, ಅದು ಹಾಗೇ ಇದೆ. ರಿವ್ಯೂಗೆ ದುಡ್ಡು ಕೊಡೋಕಾಗಲ್ಲ" ಅಂತ ಒಂದು ಸಲ ಬರೆದು ಆ ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಆ ರಿವ್ಯೂ ಬಗ್ಗೆ ಗೂಗಲ್‌ಗೆ ರಿಪೋರ್ಟ್ ಮಾಡಿ. ಬರೀ ಕೋಪದಲ್ಲಿ ಕಟುವಾಗಿ ಬರೆದಿದ್ದನ್ನ ರಿಪೋರ್ಟ್ ಮಾಡಿ ಪ್ರಯೋಜನ ಇಲ್ಲ, ಕಟು ಮಾತು ನಿಯಮ ಮೀರಿದ ಹಾಗಲ್ಲ.

ರಾಮ ಗ್ರೀನ್ ಬ್ಲೌಸಿನ ರಿವ್ಯೂ ಇವತ್ತಿಗೂ ಇದೆ, ಒಂದೇ ಸ್ಟಾರು. ಮದುವೆ ಆಗಿ ಒಂದು ತಿಂಗಳಾದ್ಮೇಲೆ ಅದರ ಕೆಳಗೆ ಒಂದು ಸಾಲು ಸೇರಿಸಿದ್ರು: "ಆಮೇಲೆ ಓನರ್ ಮನೆಗೇ ಬಂದು ಸರಿ ಮಾಡಿ ಕೊಟ್ರು." ಈಗ ಅಂಗಡಿಗೆ ಹೊಸಬರು ಬಂದ್ರೆ ಎಷ್ಟೋ ಜನ ಅದನ್ನ ಓದ್ಕೊಂಡೇ ಬಂದಿರ್ತಾರೆ, ಅಳತೆ ಬರೆಯೋವಾಗ ಬಗ್ಗಿ ನೋಡ್ತಾರೆ, ನಾನು ಪುಸ್ತಕಾನ ಅವರ ಕಡೆ ತಿರುಗಿಸಿ ಓದಿ ಹೇಳ್ತೀನಿ.